ಎರವಲು ಸ್ವರದ ಸೆಳೆತ

1800ರ ಏಪ್ರಿಲ್ 2ರ ಸಂಜೆ, ವಿಯೆನ್ನಾದ ಬುರ್ಗ್ ಥಿಯೇಟರ್. ಮೊಜಾರ್ಟನ ಸಿಂಫನಿ ಆಯಿತು, ಹೈಡನ್‌ನ ‘ಸೃಷ್ಟಿ’ಯಿಂದ ಆಯ್ದ ಭಾಗಗಳೂ ಆದವು. ಕೊನೆಯಲ್ಲಿ ಇಪ್ಪತ್ತೊಂಬತ್ತರ ಬೀಥೋವನ್‌ನ ಮೊದಲ ಸಿಂಫನಿ. ಶ್ರುತಿ ಸಿ ಮೇಜರ್; ಸ್ವರಗಳ ಲೆಕ್ಕದಲ್ಲಿ ನಮ್ಮ ಶಂಕರಾಭರಣ.

ಸಿ ಮೇಜರ್ ಎಂದಮೇಲೆ ಸ-ಗ-ಪ ಕೂಡಿದ ಕಾರ್ಡ್‌ನಿಂದ ಶುರುವಾಗಬೇಕಲ್ಲವೇ? ಓಬೊ, ಕ್ಲಾರಿನೆಟ್, ಹಾರ್ನ್‌ಗಳು ಒಟ್ಟಿಗೆ ಉಸಿರೂದುತ್ತವೆ. ತಂತಿವಾದ್ಯಗಳವರು ಬಿಲ್ಲು ಬಿಟ್ಟು ಬೆರಳಿಂದ ಮೀಟುತ್ತಾರೆ. ಸ-ಗ-ಪ ಕೇಳಿಸುತ್ತದೆ ನಿಜ, ಆದರೆ ಅದರೊಳಗೆ ಶಂಕರಾಭರಣದಲ್ಲಿಲ್ಲದ ಕೈಶಿಕಿ ನಿಷಾದ ಸೇರಿಕೊಂಡಿದೆ. ಆ ಒಂದು ಸ್ವರ ಗಾಂಧಾರದ ಜೊತೆ ತಿಕ್ಕಾಡುತ್ತದೆ. ಗಾಂಧಾರ ಅರ್ಧ ಸ್ವರ ಮೇಲೆ ಸರಿದು ಮಧ್ಯಮವಾಗಲು ತವಕಿಸುತ್ತದೆ, ನಿಷಾದ ಅರ್ಧ ಸ್ವರ ಇಳಿದು ಧೈವತವಾಗಲು. ಎರಡೂ ಸರಿದಾಗ ಮ-ದ-ಸ, ಅಂದರೆ ಎಫ್ ಕಾರ್ಡ್. ಬಿಗಿತವನ್ನು ಜೋರಾಗಿ ನುಡಿಸಿ, ಬಿಡುಗಡೆಯನ್ನು ಮೆಲುದನಿಗೆ ಇಳಿಸಿದ್ದಾನೆ ಬೀಥೋವನ್.

ಸಿ ಮೇಜರ್‌ನೊಳಗೆ ನಿಂತು ಎಫ್ ಕಡೆಗೆ ಹೀಗೆ ಸೆಳೆಯುವ ಕಾರ್ಡೇ ಸೆಕೆಂಡರಿ ಡಾಮಿನೆಂಟ್. ಕೈಶಿಕಿ ನಿಷಾದವನ್ನು ತೆಗೆದು ಬರೀ ಸ-ಗ-ಪ ನುಡಿಸಿ ಮ-ದ-ಸಕ್ಕೆ ಹೋಗಿ ನೋಡಿ: ಕಾರ್ಡ್ ಬದಲಾಗುತ್ತದೆ, ಸೆಳೆತ ಸಡಿಲವಾಗುತ್ತದೆ.

ಎರಡನೆಯ ಅಳತೆಯಲ್ಲಿ ಜಿ ಸೆವೆನ್, ಪ-ನಿ-ರಿ-ಮ. ಇದು ಸಿ ಮೇಜರ್‌ನ ಸ್ವಂತ ಡಾಮಿನೆಂಟ್. ಷಡ್ಜದ ಮನೆಗೆ ಕರೆದೊಯ್ಯಬೇಕಾದದ್ದು. ಹಾಗೆ ಮಾಡದೆ ದ-ಸ-ಗದ ಎ ಮೈನರ್‌ಗೆ ತಿರುಗಿಬಿಡುತ್ತದೆ. ಮೂರನೆಯದರಲ್ಲಿ ಮತ್ತೊಂದು ಎರವಲು: ರಿ-ಮ-ದ-ಸ, ಆದರೆ ಮಧ್ಯಮ ಈಗ ಪ್ರತಿ ಮಧ್ಯಮ. ದನಿ ಏರುತ್ತ ಹೋಗುತ್ತದೆ. ಪ್ರತಿ ಮಧ್ಯಮ ಪಂಚಮಕ್ಕೆ ಏರುತ್ತದೆ, ಷಡ್ಜ ಕಾಕಲಿ ನಿಷಾದಕ್ಕೆ ಇಳಿಯುತ್ತದೆ. ನಾಲ್ಕನೆಯ ಅಳತೆಗೆ ಜಿ ಕಾರ್ಡ್ ಜೋರಾಗಿ ತೆರೆದುಕೊಂಡಾಗ ಪಂಚಮವೇ ಷಡ್ಜವೇನೋ ಎನಿಸುತ್ತದೆ.

ಹಾಗಾದರೆ ಶ್ರುತಿಯೇ ಬದಲಾಯಿತೇ? ಪ್ರತಿ ಮಧ್ಯಮ ನೆಲೆಯೂರಿ, ಸಂಗೀತ ಜಿಯಲ್ಲೇ ಮುಂದುವರಿದು, ಅಲ್ಲೇ ಮುಕ್ತಾಯ ಕಂಡಿದ್ದರೆ ಹೌದೆನ್ನಬಹುದಿತ್ತು. ಇಲ್ಲಿ ಶುದ್ಧ ಮಧ್ಯಮ ಮರಳುತ್ತದೆ. ಜಿ ಮತ್ತೆ ಸಿಯ ಡಾಮಿನೆಂಟಾಗುತ್ತದೆ. ಹನ್ನೆರಡು ಅಳತೆಯ ನಿಧಾನ ಪೀಠಿಕೆ ಮುಗಿದು, ಹದಿಮೂರನೆಯದರಲ್ಲಿ ವೇಗದ ಭಾಗ ಹೊರಟಾಗ ಸಿ ಮೇಜರ್ ಅನುಮಾನಕ್ಕೆಡೆಯಿಲ್ಲದಂತೆ ನೆಲೆಗೊಳ್ಳುತ್ತದೆ.

ಮೊದಲ ಕಾರ್ಡ್ ಕೇಳಿದ ಕ್ಷಣದಲ್ಲಿ ಶ್ರುತಿ ಎಫ್ ಎಂದು ಯಾರಾದರೂ ನಂಬಿದ್ದರೆ ಅವರ ಕಿವಿಯದೇನೂ ತಪ್ಪಿಲ್ಲ. ಸೆಳೆತ ಆಗಲೇ ಕೇಳಿಸುತ್ತದೆ. ಅದು ಎರವಲೋ ಸ್ವಂತದ್ದೋ ಎಂಬುದನ್ನು ಮಾತ್ರ ಮುಂದಿನ ಅಳತೆಗಳೇ ಹೇಳಬೇಕು.