ನಕ್ಷೆಯ ಮೇಲಿನ ಗೇಣು, ನೆಲದ ಮೇಲಿನ ಹರದಾರಿ

ಬೆಟ್ಟದ ಬುಡದ ಹಳ್ಳಿಯೊಂದರಲ್ಲಿ ಸಂಜೆ ನಾಲ್ಕು ಗಂಟೆಗೆ ನಾವು ನಿಂತಿದ್ದೇವೆಂದು ಭಾವಿಸೋಣ. ಬೆಟ್ಟದ ನೆತ್ತಿಯಲ್ಲಿ ಒಂದು ಗುಡಿಯಿದೆ. ರಾತ್ರಿ ತಂಗುವುದು ಅಲ್ಲಿಯೇ. ಕತ್ತಲಾಗುವುದಕ್ಕೆ ಎರಡು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ಉಳಿದಿದೆ. ಹೊರಡಬಹುದೇ, ಬೆಳಗಿನವರೆಗೆ ಕಾಯಬೇಕೇ? ಉತ್ತರವು ಕೈಯಲ್ಲಿರುವ ಭಾರತ ಸರ್ವೇಕ್ಷಣ ಇಲಾಖೆಯ ನಕ್ಷೆಯಲ್ಲಿದೆ. ಅದನ್ನು ಹೊರತೆಗೆಯಲು ಒಂದು ಅಡಿಪಟ್ಟಿ, ಒಂದು ಕಾಗದದ ಚೂರು, ಒಂದು ಪೆನ್ಸಿಲ್ ಸಾಕು.

ನಕ್ಷೆಯ ಅಂಚಿನಲ್ಲಿ 1:50,000 ಎಂದು ಅಚ್ಚಾಗಿರುತ್ತದೆ. ಇದೇ ನಕ್ಷೆಯ ಪ್ರಮಾಣ. ನಕ್ಷೆಯ ಮೇಲಿನ ಒಂದು ಪಾಲು ನೆಲದ ಮೇಲಿನ ಐವತ್ತು ಸಾವಿರ ಪಾಲಿಗೆ ಸಮವೆಂಬುದೇ ಇದರ ಅರ್ಥ. ಈ ಸಂಖ್ಯೆಗೆ ಸೆಂಟಿಮೀಟರು, ಅಂಗುಲ ಎಂಬ ಭೇದವಿಲ್ಲ; ನಾವು ಯಾವುದರಿಂದ ಅಳೆದೆವೋ ಉತ್ತರವೂ ಅದರಲ್ಲಿಯೇ ಬರುತ್ತದೆ. ನಕ್ಷೆಯ ಒಂದು ಸೆಂಟಿಮೀಟರು ನೆಲದ 50,000 ಸೆಂಟಿಮೀಟರು. ಒಂದು ಕಿಲೋಮೀಟರಿನಲ್ಲಿ 1,00,000 ಸೆಂಟಿಮೀಟರುಗಳಿರುವುದರಿಂದ ಇದು ಸರಿಯಾಗಿ ಅರ್ಧ ಕಿಲೋಮೀಟರು. ಆದುದರಿಂದ ಈ ನಕ್ಷೆಯಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು.

ಹಳೆಯ ನಕ್ಷೆಗಳಲ್ಲಿ ಕಾಣುವ 1:63,360 ಎಂಬ ವಿಚಿತ್ರ ಸಂಖ್ಯೆಯ ಗುಟ್ಟೂ ಇದೇ. ಒಂದು ಮೈಲಿಗೆ 5,280 ಅಡಿ, ಒಂದು ಅಡಿಗೆ 12 ಅಂಗುಲ. ಎರಡನ್ನೂ ಗುಣಿಸಿದರೆ 63,360. ಅಂದರೆ ಅದು ಅಂಗುಲಕ್ಕೆ ಒಂದು ಮೈಲಿಯ ನಕ್ಷೆ. ಅದರಲ್ಲಿ ಒಂದು ಸೆಂಟಿಮೀಟರೆಂದರೆ 633.6 ಮೀಟರು. ಗ್ರಂಥಾಲಯದ ಹಳೆಯ ಹಾಳೆಯನ್ನು ಹೊಸದೆಂದು ಬಗೆದು ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೂ ಕಾಲು ಕಿಲೋಮೀಟರಿಗಿಂತ ಹೆಚ್ಚು ದೂರವನ್ನು ಮರೆತಂತಾಗುತ್ತದೆ.

ಈಗ ಅಳೆಯೋಣ. ಅಡಿಪಟ್ಟಿಯ ತುದಿ ಸವೆದಿರುವುದು ಸಾಮಾನ್ಯ. ಆದ್ದರಿಂದ ಸೊನ್ನೆಯನ್ನು ಬಿಟ್ಟು ಒಂದು ಸೆಂಟಿಮೀಟರಿನ ಗೆರೆಯನ್ನು ಹಳ್ಳಿಯ ಚಿಹ್ನೆಯ ಮೇಲಿಟ್ಟು, ಗುಡಿಯ ಬಳಿಯ ಅಂಕಿಯನ್ನು ಓದಿ, ಅದರಲ್ಲಿ ಒಂದನ್ನು ಕಳೆಯುವುದು ಒಳ್ಳೆಯದು. ಓದುವಾಗ ಕಣ್ಣು ಗೆರೆಗೆ ನೇರವಾಗಿ ಮೇಲಿರಬೇಕು. ಪಕ್ಕದಿಂದ ನೋಡಿದರೆ ಗೆರೆ ಸರಿದಂತೆ ಕಾಣುತ್ತದೆ. ನಮಗೆ ಬಂದ ಅಂಕಿ 13.6, ಒಂದನ್ನು ಕಳೆದರೆ 12.6 ಸೆಂಟಿಮೀಟರು. ಅದರ ಅರ್ಧ 6.3 ಕಿಲೋಮೀಟರು. ಅಡಿಪಟ್ಟಿಯ ಮೇಲೆ ಅರ್ಧ ಮಿಲಿಮೀಟರು ತಪ್ಪಿದರೆ ನೆಲದ ಮೇಲೆ 25 ಮೀಟರು ತಪ್ಪುತ್ತದೆ. ಹೀಗಿರುವಲ್ಲಿ ಉತ್ತರವನ್ನು ಮೀಟರಿನವರೆಗೆ ಬರೆಯುವುದರಲ್ಲಿ ಅರ್ಥವಿಲ್ಲ.

ಗಂಟೆಗೆ ನಾಲ್ಕು ಕಿಲೋಮೀಟರಿನ ನಡಿಗೆಗೆ ಇದು ಒಂದೂವರೆ ಗಂಟೆಯ ದಾರಿ. ಹೊರಡಬಹುದೆಂದು ತೋರುತ್ತದೆ. ಆದರೆ ನಾವು ಅಳೆದದ್ದು ಕಾಗೆ ಹಾರುವ ದಾರಿಯನ್ನು, ಮನುಷ್ಯನು ನಡೆಯುವ ದಾರಿಯನ್ನಲ್ಲ.

ಕಾಲುದಾರಿಯನ್ನು ಅಳೆಯಲು ಕಾಗದದ ಚೂರಿನ ನೇರವಾದ ಅಂಚು ಬೇಕು. ಅಂಚಿನ ತುದಿಯಲ್ಲಿ ಒಂದು ಗುರುತು ಹಾಕಿ ಅದನ್ನು ಹಳ್ಳಿಯ ಮೇಲಿಡೋಣ. ದಾರಿಯು ಮೊದಲ ತಿರುವಿನವರೆಗೆ ಅಂಚಿನ ಗುಂಟ ಸಾಗುವಂತೆ ಇರಿಸಿ, ತಿರುವಿನಲ್ಲಿ ಎರಡನೆಯ ಗುರುತು ಹಾಕಬೇಕು. ಅಲ್ಲಿ ಪೆನ್ಸಿಲ್ಲಿನ ಮೊನೆಯನ್ನು ಊರಿ, ಕಾಗದವನ್ನು ಅದರ ಸುತ್ತ ತಿರುಗಿಸಿ, ದಾರಿಯ ಮುಂದಿನ ತುಂಡಿಗೆ ಹೊಂದಿಸಬೇಕು. ಹೀಗೆ ತುಂಡು ತುಂಡಾಗಿ ಗುಡಿಯನ್ನು ಮುಟ್ಟಿದ ಮೇಲೆ, ಮೊದಲ ಗುರುತಿನಿಂದ ಕೊನೆಯ ಗುರುತಿನವರೆಗೆ ಅಡಿಪಟ್ಟಿಯಿಂದ ಒಂದೇ ಸಲ ಅಳೆದರೆ ಸಾಕು. ನಮ್ಮ ದಾರಿ 17.4 ಸೆಂಟಿಮೀಟರು, ಅಂದರೆ 8.7 ಕಿಲೋಮೀಟರು. ದೂರವು ಎರಡೂ ಕಾಲು ಕಿಲೋಮೀಟರಿಗಿಂತ ಹೆಚ್ಚು ಬೆಳೆಯಿತು! ನಿಜವಾದ ದಾರಿ ಇನ್ನೂ ಸ್ವಲ್ಪ ಉದ್ದವಿರಬಹುದು. ಏಕೆಂದರೆ ಕಿರಿದಾದ ತಿರುವುಗಳನ್ನೆಲ್ಲ ಈ ಪ್ರಮಾಣದಲ್ಲಿ ಬಿಡಿಸುವುದು ನಕ್ಷೆಗಾರನಿಗೆ ಸಾಧ್ಯವಿಲ್ಲ.

ನಕ್ಷೆಯು ಮಟ್ಟಸವಾದ ದೂರವನ್ನು ಮಾತ್ರ ಹೇಳುತ್ತದೆಯಲ್ಲವೆ? ಏರಿನ ಲೆಕ್ಕವೇನು? ಕೊನೆಯ 3 ಸೆಂಟಿಮೀಟರಿನಲ್ಲಿ ನಮ್ಮ ದಾರಿಯು ಇಪ್ಪತ್ತು ಸಮೋನ್ನತಿ ರೇಖೆಗಳನ್ನು ದಾಟುತ್ತದೆಂದೂ, ಎರಡು ರೇಖೆಗಳ ನಡುವಿನ ಎತ್ತರ 20 ಮೀಟರೆಂದೂ ಇಟ್ಟುಕೊಳ್ಳೋಣ. ಅಂದರೆ 1,500 ಮೀಟರು ಸಾಗುವಷ್ಟರಲ್ಲಿ 400 ಮೀಟರು ಏರಬೇಕು. ಪೈಥಾಗೊರಸನ ಪ್ರಮೇಯದಂತೆ ಇಳಿಜಾರಿನ ಉದ್ದ ಸುಮಾರು 1,552 ಮೀಟರು. ಇಷ್ಟು ಕಡಿದಾದ ಏರಿಗೂ ಹೆಚ್ಚಿದ್ದು ಕೇವಲ 52 ಮೀಟರು! ಏರು ದೂರವನ್ನು ಹೆಚ್ಚಿಸುವುದಕ್ಕಿಂತ ಶ್ರಮವನ್ನು ಹೆಚ್ಚಿಸುತ್ತದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ ಕೊಟ್ಟ ಸೂತ್ರದಂತೆ ಸುಮಾರು 600 ಮೀಟರು ಏರಿಕೆಗೆ ಒಂದು ಗಂಟೆಯನ್ನು ಕೂಡಿಸಬೇಕು. ನಮ್ಮ 400 ಮೀಟರಿಗೆ ನಲವತ್ತು ನಿಮಿಷ. ನಡಿಗೆಗೆ ಎರಡು ಗಂಟೆ ಹತ್ತು ನಿಮಿಷ, ಏರಿಗೆ ನಲವತ್ತು ನಿಮಿಷ. ಗುಡಿಯನ್ನು ಮುಟ್ಟುವಾಗ ಏಳಕ್ಕೆ ಹತ್ತು ನಿಮಿಷ. ಅತಿ ಕಡಿದಾದ ಭಾಗವನ್ನು ಕತ್ತಲಲ್ಲಿ ಹತ್ತಬೇಕಾಗುತ್ತದೆ. ಬೆಳಗಿನವರೆಗೆ ಕಾಯುವುದೇ ಲೇಸು.

ಇನ್ನೊಂದು ಮೋಸವನ್ನು ಗಮನಿಸಬೇಕು. ನಮ್ಮ ಕೈಯಲ್ಲಿರುವುದು ಮೂಲ ಹಾಳೆಯಾಗಿರದೆ, ಚಿಕ್ಕ ಕಾಗದಕ್ಕೆ ಕುಗ್ಗಿಸಿ ತೆಗೆದ ಪ್ರತಿಯಾಗಿದ್ದರೆ? ಎ3 ಹಾಳೆಯನ್ನು ಎ4 ಹಾಳೆಗೆ ಇಳಿಸಿದರೆ ಪ್ರತಿಯೊಂದು ಉದ್ದವೂ ಸುಮಾರು 0.707ರಷ್ಟಾಗುತ್ತದೆ. ನಮ್ಮ 17.4 ಸೆಂಟಿಮೀಟರಿನ ದಾರಿ ಪ್ರತಿಯಲ್ಲಿ 12.3 ಸೆಂಟಿಮೀಟರು. ಅಂಚಿನಲ್ಲಿ ಮಾತ್ರ 1:50,000 ಎಂಬ ಅಕ್ಷರಗಳು ಹಾಗೆಯೇ ಇರುತ್ತವೆ. ಅವನ್ನು ನಂಬಿದವನಿಗೆ ದಾರಿ 6.15 ಕಿಲೋಮೀಟರೆಂದು ತೋರುತ್ತದೆ.

ಈ ತಪ್ಪನ್ನು ಹಿಡಿಯುವ ಉಪಾಯ ನಕ್ಷೆಯಲ್ಲಿಯೇ ಇದೆ. ಪ್ರಮಾಣದ ಅಂಕಿಯ ಬಳಿ ಕಿಲೋಮೀಟರುಗಳನ್ನು ಗುರುತಿಸಿದ ಪಟ್ಟಿಯೊಂದನ್ನು ಅಚ್ಚುಮಾಡಿರುತ್ತಾರೆ. ಕಾಗದ ಕುಗ್ಗಿದರೆ ಪಟ್ಟಿಯೂ ಅಷ್ಟೇ ಕುಗ್ಗುತ್ತದೆ. ಹಿಗ್ಗಿದರೆ ಅದೂ ಹಿಗ್ಗುತ್ತದೆ. ಆದುದರಿಂದ ಗುರುತು ಹಾಕಿದ ಕಾಗದದ ಚೂರನ್ನು ನೇರವಾಗಿ ಈ ಪಟ್ಟಿಯ ಮೇಲಿಟ್ಟು ಓದಿದರೆ, ಪ್ರತಿಯಲ್ಲಿಯೂ 8.7 ಕಿಲೋಮೀಟರೇ ಬರುತ್ತದೆ.

ಪ್ರತಿಯಲ್ಲಿ ಪಟ್ಟಿಯೇ ಕತ್ತರಿಸಿಹೋಗಿದ್ದರೆ ಅಕ್ಷಾಂಶ ರೇಖೆಗಳು ನೆರವಾಗುತ್ತವೆ. ಕರ್ನಾಟಕದಲ್ಲಿ ಅಕ್ಷಾಂಶದ 5 ಮಿನಿಟುಗಳೆಂದರೆ ನೆಲದ ಮೇಲೆ ಸುಮಾರು 9.22 ಕಿಲೋಮೀಟರು. 1:50,000ರ ಮೂಲ ಹಾಳೆಯಲ್ಲಿ ಇದು ಸುಮಾರು 18.4 ಸೆಂಟಿಮೀಟರಿರಬೇಕು. ನಮ್ಮ ಪ್ರತಿಯಲ್ಲಿ 13 ಸೆಂಟಿಮೀಟರು ಮಾತ್ರ ಬಂದರೆ ಹಾಳೆ ಕುಗ್ಗಿದೆಯೆಂಬುದು ಸ್ಪಷ್ಟ. 9.22ನ್ನು 13ರಿಂದ ಭಾಗಿಸಿದರೆ ಸೆಂಟಿಮೀಟರಿಗೆ 0.71 ಕಿಲೋಮೀಟರು, ಅದನ್ನು 12.3ರಿಂದ ಗುಣಿಸಿದರೆ ಮತ್ತೆ 8.7. ಈ ಪರೀಕ್ಷೆಯನ್ನು ತೆಂಕಣದಿಂದ ಬಡಗಣಕ್ಕೆ ಮಾತ್ರ ಮಾಡಬೇಕು. ರೇಖಾಂಶದ ಮಿನಿಟುಗಳು ಧ್ರುವಗಳ ಕಡೆಗೆ ಹೋದಂತೆ ಕಿರಿದಾಗುತ್ತವೆ.

ಇದೇ ವಿಧಾನವನ್ನು ಗೋಡೆಯ ಮೇಲಿನ ಪ್ರಪಂಚದ ನಕ್ಷೆಗೆ ಹಚ್ಚಬಾರದು. ಉಂಡೆಯಾದ ಭೂಮಿಯನ್ನು ಹಾಳೆಯ ಮೇಲೆ ಹರಡುವಾಗ ಪ್ರಮಾಣವು ಎಲ್ಲೆಡೆಯೂ ಒಂದೇ ಆಗಿ ಉಳಿಯದು. ಮರ್ಕೇಟರನ ವಿಧಾನದ ನಕ್ಷೆಯಲ್ಲಿ 60ನೆಯ ಅಕ್ಷಾಂಶದ ಬಳಿಯ ಉದ್ದವು ಭೂಮಧ್ಯರೇಖೆಯ ಬಳಿಯದಕ್ಕಿಂತ ಎರಡರಷ್ಟು ಹಿಗ್ಗಿರುತ್ತದೆ. ನಮ್ಮ ಬೆಟ್ಟದ ಹಾಳೆಯು ತೋರಿಸುವ ನೆಲ ಬಹಳ ಚಿಕ್ಕದು. ಅಷ್ಟು ಚಿಕ್ಕ ತುಂಡಿನಲ್ಲಿ ಭೂಮಿಯ ದುಂಡುತನವು ಅಡಿಪಟ್ಟಿಗೆ ಸಿಕ್ಕುವುದಿಲ್ಲ. ಆದುದರಿಂದಲೇ ಅಲ್ಲಿ ಒಂದೇ ಪ್ರಮಾಣವನ್ನು ನಂಬಿ ನಡೆಯಬಹುದು.