ಹುಟ್ಟುವ ಮೊದಲೇ ಬಾಯಿಗೆ ಬೆರಳು

ಕೂಸು ಹೆಬ್ಬೆರಳು ಚೀಪಿದರೆ ಮನೆಯ ಹಿರಿಯರು ಮೊದಲು ಹೇಳುವ ಮಾತು, ‘ಹಾಲು ಸಾಲುತ್ತಿಲ್ಲ’ ಎಂದು. ಅಮೆರಿಕದ ಮನೋವೈದ್ಯ ಡೇವಿಡ್ ಲೆವಿ ಇದನ್ನು ನಾಯಿಮರಿಗಳ ಮೇಲೆ ಪರೀಕ್ಷಿಸಿ, 1934ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಮರಿಗಳಿಗೆ ದೊಡ್ಡ ತೂತಿನ ನಿಪ್ಪಲ್ಲಿನಿಂದ ಹಾಲು ಕುಡಿಸಿದರು. ಹೊಟ್ಟೆ ಬೇಗ ತುಂಬಿತು, ಆದರೆ ಚೀಪುವ ಹೊತ್ತು ಕಡಿಮೆಯಾಯಿತು. ಈ ಮರಿಗಳು ಊಟದ ನಡುವಿನ ಹೊತ್ತಿನಲ್ಲಿ ಸಿಕ್ಕಿದ್ದನ್ನೆಲ್ಲ, ಒಂದರ ಮೈಯನ್ನೊಂದು ಕೂಡ, ಚೀಪತೊಡಗಿದವು. ತಾಯಿಯ ಬಳಿ ನಿಧಾನವಾಗಿ ಕುಡಿದವು ಹಾಗೆ ಮಾಡಲಿಲ್ಲ. ಹಾಲು ಬೇಕೆನ್ನುವುದು ಒಂದು, ಚೀಪಬೇಕೆನ್ನುವುದು ಇನ್ನೊಂದು ಎಂದು ಲೆವಿ ಕಂಡುಕೊಂಡರು. ಮೊಲೆಯಲ್ಲಿ ಚೀಪಿ ತೀರದ ಆಸೆ ಬೆರಳಿಗೆ ಹೋಗುತ್ತದೆ ಎಂಬುದು ಅವರ ವಿವರಣೆ.

ಎರಡೂ ಬೇರೆ ಬೇರೆ ಎಂಬುದಕ್ಕೆ ಮುಂದೆ ಲೆಕ್ಕವೇ ಸಾಕ್ಷಿಯಾಯಿತು. 1960ರ ದಶಕದಲ್ಲಿ ಪೀಟರ್ ವೂಲ್ಫ್ ಎಳೆಗೂಸುಗಳ ಚೀಪುವ ಲಯವನ್ನು ದಾಖಲಿಸಿದರು. ಹಾಲು ಕುಡಿಯುವಾಗ ಕೂಸು ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸಲ ಎಳೆಯುತ್ತದೆ, ಏಕೆಂದರೆ ಬಾಯಿಗೆ ಬಂದದ್ದನ್ನು ನುಂಗಬೇಕು. ಹಾಲಿಲ್ಲದ ನಿಪ್ಪಲ್ ಕೊಟ್ಟರೆ ಸೆಕೆಂಡಿಗೆ ಸುಮಾರು ಎರಡು ಸಲ, ಒಂದಿಷ್ಟು ಹೊತ್ತು ಎಳೆದು, ನಿಂತು, ಮತ್ತೆ ಎಳೆಯುತ್ತದೆ. ಇದನ್ನು ತೊಟ್ಟಿಲ ಬಳಿ ಕೂತು ಕಣ್ಣಿನಿಂದಲೇ ಗುರುತಿಸಬಹುದು.

ಈ ಖಾಲಿ ಚೀಪುವಿಕೆಯಿಂದ ಕೂಸಿಗೆ ಏನು ಸಿಗುತ್ತದೆ? 1963ರಲ್ಲಿ ವಿಲಿಯಂ ಕೆಸೆನ್ ಮತ್ತು ಸಂಗಡಿಗರು ನವಜಾತ ಶಿಶುಗಳ ಕೈಕಾಲಿನ ಚಲನೆಯನ್ನು ಗಮನಿಸಿದರು. ಹಾಲಿಲ್ಲದ ನಿಪ್ಪಲ್ ಬಾಯಲ್ಲಿದ್ದಾಗ ಒದ್ದಾಟ ಇಳಿಯಿತು. ಕೂಸಿಗೆ ಸಿಗುವುದು ಈ ಸಮಾಧಾನ. ಬೇರೆಯವರು ಕೊಡುವವರೆಗೆ ಕಾಯದೆ ಕೂಸು ಇದನ್ನು ತಾನೇ ತಂದುಕೊಳ್ಳುವ ದಾರಿ ಹೆಬ್ಬೆರಳು. ನಿದ್ದೆಗೆ ಮುಂಚೆ, ಅತ್ತು ದಣಿದಾಗ ಬೆರಳು ಬಾಯಿಗೆ ಹೋಗುವುದು ಅದಕ್ಕೇ.

ಮೊಲೆಯ ಆಸೆ ತೀರದೆ ಉಳಿದದ್ದೇ ಬೆರಳಿನ ಹುಟ್ಟು ಎಂಬ ಲೆವಿಯವರ ವಿವರಣೆ ಮಾತ್ರ ಸ್ಕ್ಯಾನಿಂಗ್ ಪರದೆಯ ಮುಂದೆ ಪೂರ್ತಿ ನಿಲ್ಲಲಿಲ್ಲ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಪೀಟರ್ ಹೆಪ್ಪರ್ ತಂಡ ಬಸುರಿಯರ ಹೊಟ್ಟೆಯೊಳಗೇ ನೋಡಿತು. ಮೊಲೆ ಕಾಣುವುದಕ್ಕೆ ತಿಂಗಳುಗಳು ಬಾಕಿ ಇರುವಾಗಲೇ, ಹದಿನೈದನೇ ವಾರದ ಹೊತ್ತಿಗೆ, ಭ್ರೂಣ ಹೆಬ್ಬೆರಳು ಚೀಪುತ್ತಿತ್ತು. ಹೆಚ್ಚಿನವು ಬಲಗೈಯದನ್ನೇ ಆರಿಸಿಕೊಂಡಿದ್ದವು. ಹಾಗಾದರೆ ಈ ಮಕ್ಕಳು ಮುಂದೆ ಯಾವ ಕೈಯವರಾಗುತ್ತಾರೆ? ತಂಡ 75 ಮಕ್ಕಳನ್ನು ಹತ್ತು-ಹನ್ನೆರಡರ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ, 2005ರಲ್ಲಿ ವರದಿ ಮಾಡಿತು. ಹೊಟ್ಟೆಯಲ್ಲಿ ಬಲ ಹೆಬ್ಬೆರಳು ಚೀಪಿದ್ದ 60 ಮಕ್ಕಳೂ ಬಲಗೈಯವರೇ ಆಗಿದ್ದರು. ಎಡದ್ದನ್ನು ಚೀಪಿದ್ದ 15 ಮಕ್ಕಳಲ್ಲಿ 10 ಮಂದಿ ಎಡಗೈಯವರು, ಐದು ಮಂದಿ ಬಲಗೈಯವರು. ಆ ಐವರು ಬದಲಾದದ್ದೇಕೆ ಎಂಬುದಕ್ಕೆ ಇಷ್ಟು ಚಿಕ್ಕ ಗುಂಪಿನಿಂದ ಉತ್ತರ ಹೊರಡುವುದಿಲ್ಲ.