ಸೋಮವಾರ ಬೆಳಿಗ್ಗೆ ಯಾರನ್ನು ಕೇಳಬೇಕು?

ಆಫರ್ ಲೆಟರ್ ಕೈಸೇರಿದ ಮೇಲೆ ಹಳೆಯ ಕಂಪನಿಯ ನೋಟಿಸ್ ಪೀರಿಯಡ್ ಮುಗಿಸಿ ಹೊಸ ಕೆಲಸಕ್ಕೆ ಸೇರುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆಯುವುದುಂಟು. ಆ ನಡುವೆ ಬರುವ ಕಾಗದಗಳಲ್ಲೆಲ್ಲ ಸಂಬಳ, ಷರತ್ತು, ಸಹಿಗಳದೇ ಮಾತು. ಸೋಮವಾರ ಎಷ್ಟು ಗಂಟೆಗೆ ಬರಬೇಕು, ಯಾವ ಗೇಟಿಗೆ ಬರಬೇಕು ಎಂಬ ಸಣ್ಣ ವಿಷಯ ಅವುಗಳಲ್ಲಿ ಇರುವುದಿಲ್ಲ. ಅದನ್ನು ಹೇಳಬೇಕಾದದ್ದು ಎಚ್‌ಆರ್ ಕಳಿಸುವ ಸ್ವಾಗತದ ಇಮೇಲ್.

ದಾವಣಗೆರೆಯ ಯುವತಿಯೊಬ್ಬಳು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಸೋಮವಾರ ಸೇರಲಿದ್ದಾಳೆ ಎಂದುಕೊಳ್ಳೋಣ. ಮೇಲ್ ಭಾನುವಾರ ರಾತ್ರಿ ಬಂದರೆ ಅವಳಿಗೆ ಪ್ರಯೋಜನವಿಲ್ಲ. ಮೂಲ ಅಂಕಪಟ್ಟಿ ಬೇಕೆಂದು ಅದರಲ್ಲಿದ್ದರೆ, ಅಂಕಪಟ್ಟಿ ಊರಿನ ಬೀರುವಿನಲ್ಲಿರುತ್ತದೆ, ಅವಳು ಬೆಂಗಳೂರಿನ ಪಿಜಿಯಲ್ಲಿರುತ್ತಾಳೆ. ಹಿಂದಿನ ಬುಧವಾರವೋ ಗುರುವಾರವೋ ಬಂದರೆ ಮಾತ್ರ ಉಪಯೋಗ. ಇನ್ನೊಂದು ಎಡವಟ್ಟು ಇದಕ್ಕಿಂತ ಸಾಮಾನ್ಯ. ಮೇಲನ್ನು ಅವಳ ಹೊಸ ಆಫೀಸ್ ವಿಳಾಸಕ್ಕೆ ಕಳಿಸಿಬಿಡುತ್ತಾರೆ. ಅದರ ಪಾಸ್‌ವರ್ಡ್ ಸಿಗುವುದೇ ಸೋಮವಾರ ಲ್ಯಾಪ್‌ಟಾಪ್ ಕೈಗೆ ಬಂದ ಮೇಲೆ!

ಒಳ್ಳೆಯ ಮೇಲ್ ಮೊದಲ ದಿನದ ವಿವರದಿಂದಲೇ ಶುರುವಾಗುತ್ತದೆ. ಕಂಪನಿಯ ಇತಿಹಾಸ, ಧ್ಯೇಯಗಳೆಲ್ಲ ಆಮೇಲೆ ಬಂದರೆ ಸಾಕು. ಅವಳಿಗೆ ಬರಬೇಕಾದದ್ದು ಹೆಚ್ಚುಕಡಿಮೆ ಹೀಗಿರುತ್ತದೆ:

“ಸೋಮವಾರ ಬೆಳಿಗ್ಗೆ 9.45ಕ್ಕೆ ಎರಡನೇ ಗೇಟಿಗೆ ಬನ್ನಿ. ಸೆಕ್ಯುರಿಟಿಯವರ ಬಳಿ ನಿಮ್ಮ ಹೆಸರು ಇರುತ್ತದೆ, ಆಧಾರ್ ತೋರಿಸಿದರೆ ಸಾಕು. ಮೆಟ್ರೋದಲ್ಲಿ ಬರುವುದಾದರೆ ಹಳದಿ ಮಾರ್ಗದ ಎಲೆಕ್ಟ್ರಾನಿಕ್ ಸಿಟಿ ನಿಲ್ದಾಣದಲ್ಲಿ ಇಳಿಯಿರಿ. ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿದೆ, ಡಬ್ಬಿ ತರುವುದು ಬೇಡ. ಗೇಟಿನಲ್ಲಿ ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ.”

ಆ ಕೊನೆಯ ಸಾಲಿನಲ್ಲಿ ಒಬ್ಬ ವ್ಯಕ್ತಿಯ ಹೆಸರು ಮತ್ತು ಮೊಬೈಲ್ ನಂಬರ್ ಇರಲೇಬೇಕು. ‘ಎಚ್‌ಆರ್ ವಿಭಾಗವನ್ನು ಸಂಪರ್ಕಿಸಿ’ ಎಂದರೆ ಗೇಟಿನ ಹೊರಗೆ ನಿಂತವಳು ಯಾರಿಗೆ ಫೋನ್ ಮಾಡಬೇಕು?

ತರಬೇಕಾದ ದಾಖಲೆಗಳ ಪಟ್ಟಿಯಲ್ಲಿ ಯಾವುದು ಏಕೆ ಬೇಕು ಎಂದೂ ಬರೆಯುವುದು ಒಳ್ಳೆಯದು. ಪ್ಯಾನ್ ತೆರಿಗೆಗೆ, ರದ್ದು ಮಾಡಿದ ಚೆಕ್ ಸಂಬಳದ ಖಾತೆಗೆ, ರಿಲೀವಿಂಗ್ ಲೆಟರ್ ಹಳೆಯ ಕೆಲಸ ಬಿಟ್ಟದ್ದರ ದಾಖಲೆಗೆ. ಪಿಎಫ್‌ನ ಯುಎಎನ್ ಸಂಖ್ಯೆಗೆ ಒಂದು ವಾಕ್ಯ ಹೆಚ್ಚಿಗೆ ಬೇಕು. ಒಬ್ಬ ನೌಕರರಿಗೆ ಒಂದೇ ಯುಎಎನ್, ಎಷ್ಟು ಕಂಪನಿ ಬದಲಿಸಿದರೂ ಅದೇ. ಹಳೆಯದನ್ನು ತಿಳಿಸದೆ ಹೊಸ ಸಂಖ್ಯೆ ಮಾಡಿಸಿಕೊಂಡರೆ ಪಿಎಫ್ ಹಣ ಎರಡು ಕಡೆ ಹಂಚಿಹೋಗಿ, ಒಂದುಗೂಡಿಸಲು ಮತ್ತೆ ಅರ್ಜಿ ಹಾಕುತ್ತ ಕೂರಬೇಕು. ತಿಂಗಳ ಕೊನೆಯಲ್ಲಿ ಸೇರುವವರಿಗೆ ಮೊದಲ ಸಂಬಳ ಯಾವಾಗ ಎಂಬುದನ್ನೂ ತಿಳಿಸಬೇಕು. ಸಂಬಳದ ಲೆಕ್ಕ ಆಗಲೇ ಮುಗಿದಿದ್ದರೆ ಅದು ಮುಂದಿನ ತಿಂಗಳ ಸಂಬಳದ ಜೊತೆಗೇ ಬರುತ್ತದೆ, ಪಿಜಿಯ ಮುಂಗಡ ಕಟ್ಟಬೇಕಾದವಳಿಗೆ ಇದು ಮೊದಲೇ ಗೊತ್ತಿರಬೇಕು.

ಇನ್ನು ವಾರದ ವೇಳಾಪಟ್ಟಿ. ಸೋಮವಾರ ದಾಖಲೆ, ಲ್ಯಾಪ್‌ಟಾಪ್, ತಂಡದ ಪರಿಚಯ. ಮಂಗಳವಾರ ಮ್ಯಾನೇಜರ್ ಜೊತೆ ಒಂದು ಗಂಟೆ, ಕೆಲಸ ಏನು ಎಂಬ ಮಾತು. ಬುಧವಾರ, ಗುರುವಾರ ಹಳೆಯ ಸಹೋದ್ಯೋಗಿಯ ಪಕ್ಕದಲ್ಲಿ ಕೂತು ಕೆಲಸ ನೋಡುವುದು. ಶುಕ್ರವಾರ ಒಂದು ಸಣ್ಣ ಕೆಲಸವನ್ನು ತಾನೇ ಮಾಡಿ ಮುಗಿಸುವುದು. ಐದೂ ದಿನ ಬೆಳಗಿನಿಂದ ಸಂಜೆವರೆಗೆ ತರಬೇತಿ ತುಂಬಿದರೆ ಗುರುವಾರದ ಹೊತ್ತಿಗೆ ಸೋಮವಾರ ಕೇಳಿದ್ದು ಮರೆತಿರುತ್ತದೆ. ಅರ್ಧ ದಿನವಾದರೂ ಖಾಲಿ ಬಿಡಬೇಕು.

ಭೇಟಿಯಾಗಬೇಕಾದವರ ಪಟ್ಟಿಯಲ್ಲಿ ಬರೀ ಹೆಸರು, ಹುದ್ದೆ ಇದ್ದರೆ ಹೊಸಬರಿಗೆ ಏನೂ ತಿಳಿಯದು. ಯಾರ ಹತ್ತಿರ ಏನು ಕೇಳಬಹುದು ಎಂದಿರಬೇಕು. ಪಾಸ್‌ವರ್ಡ್ ಕೆಲಸ ಮಾಡದಿದ್ದರೆ ಐಟಿಯವರು, ರಜೆಯ ವಿಷಯಕ್ಕೆ ಎಚ್‌ಆರ್, ಕೆಲಸದ ಆದ್ಯತೆಗೆ ಮ್ಯಾನೇಜರ್. ಕಾಫಿ ಯಂತ್ರ ಎಲ್ಲಿದೆ ಎಂಬುದರಿಂದ ಹಿಡಿದು ಮ್ಯಾನೇಜರ್ ಬಳಿ ಕೇಳಲು ಸಂಕೋಚವಾಗುವುದನ್ನೆಲ್ಲ ಕೇಳಲು ತಂಡದ ಒಬ್ಬ ಜೊತೆಗಾರರು, ಕಂಪನಿಗಳು ‘ಬಡ್ಡಿ’ ಎಂದು ಕರೆಯುವವರು.

ಗೂಗಲ್ ಕಂಪನಿಯಲ್ಲಿ ಇಂಥ ಮೇಲ್ ಹೊಸಬರಿಗಷ್ಟೇ ಅಲ್ಲ, ಅವರ ಮ್ಯಾನೇಜರಿಗೂ ಹೋಗುತ್ತಿತ್ತು. ಅಲ್ಲಿನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2015ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಹೊಸಬರು ಸೇರುವ ಹಿಂದಿನ ದಿನ ಮ್ಯಾನೇಜರಿಗೆ ಐದು ಕೆಲಸಗಳ ಚಿಕ್ಕ ಪಟ್ಟಿ ಬರುತ್ತಿತ್ತು: ಜವಾಬ್ದಾರಿಯ ಬಗ್ಗೆ ಮಾತಾಡಿ, ಜೊತೆಗಾರರನ್ನು ಗೊತ್ತುಮಾಡಿ, ಪರಿಚಯ ಬೆಳೆಸಲು ನೆರವಾಗಿ, ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ವಿಚಾರಿಸಿ, ಮುಕ್ತ ಮಾತಿಗೆ ಅವಕಾಶ ಕೊಡಿ. ಅದನ್ನು ಪಾಲಿಸಿದ ಮ್ಯಾನೇಜರುಗಳ ತಂಡದಲ್ಲಿ ಹೊಸಬರು ಇತರರಿಗಿಂತ ಶೇ 25ರಷ್ಟು ಬೇಗ ಕೆಲಸಕ್ಕೆ ಪಳಗಿದರು ಎಂದು ಬಾಕ್ ಬರೆಯುತ್ತಾರೆ.

ಇಂಥ ಮೇಲ್‌ಗಳ ವೇಷದಲ್ಲಿ ವಂಚಕರೂ ಬರುತ್ತಾರೆ. ಕಳಿಸಿದವರ ವಿಳಾಸದಲ್ಲಿ @ ಚಿಹ್ನೆಯ ನಂತರ ಇರುವುದು ಕಂಪನಿಯ ಅಧಿಕೃತ ಹೆಸರೇ ಎಂದು ನೋಡಿ. ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ ಎಂದು ಹಣ ಕೇಳಿದರೆ ಕಟ್ಟಬೇಡಿ, ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಹಾಯವಾಣಿಗೆ ದೂರು ಕೊಡಿ.